ಫೋನ್ ಬಿಸಿಯಾದ್ರೆ ಬರೀ ಚಾರ್ಜರ್‌ಗೆ ಬೈಬೇಡಿ

ನಮ್ಮಪ್ಪಂದು ಗೂಡ್ಸ್ ಗಾಡಿ. ಊರು ಹೊಳೆನರಸೀಪುರ. ವಾರದಲ್ಲಿ ಮೂರು ನಾಲ್ಕು ದಿನ ಬೆಳಗ್ಗೆ ಅರಕಲಗೂಡಲ್ಲಿ ಲೋಡ್ ಮಾಡ್ಕೊಂಡು, ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿ, ಮಧ್ಯಾಹ್ನ ವಾಪಸ್ ಬರ್ತಾರೆ. ಬಾಡಿಗೆ ಬರೋದು, ದುಡ್ಡು ಬರೋದು, ಲೋಡ್ ಎಲ್ಲಿ ಇಳಿಸ್ಬೇಕು ಅಂತ ಗೊತ್ತಾಗೋದು ಎಲ್ಲಾ ಒಂದೇ ಫೋನಲ್ಲಿ. ಆ ಫೋನ್ ಏಪ್ರಿಲ್ ತಿಂಗಳಲ್ಲಿ ದಿನಾ ಚನ್ನರಾಯಪಟ್ಟಣ ಮುಟ್ಟೋ ಹೊತ್ತಿಗೆ ಚಾರ್ಜ್ ಆಗೋದನ್ನ ನಿಲ್ಲಿಸ್ತಿತ್ತು. ಫೋನ್ ತುಂಬಾ ಬಿಸಿಯಾಗಿದೆ ಅಂತ ಸ್ಕ್ರೀನ್ ಮೇಲೆ ಬರೋದು, ಬೆಳಕು ತಾನಾಗೇ ಮಂಕಾಗೋದು. ಮಧ್ಯಾಹ್ನ ಮನೆಗೆ ಬರೋಷ್ಟರಲ್ಲಿ ಸ್ವಿಚ್ ಆಫ್. ಎರಡು ಬಾಡಿಗೆ ಹೀಗೇ ಬೇರೆಯವರ ಪಾಲಾಯ್ತು.

ಮೊಬೈಲ್ ಅಂಗಡಿಗೆ ಕೊಟ್ರೆ ಮೊದಲು ಚಾರ್ಜರ್ ಬದಲಾಯಿಸಿ ಅಂದ್ರು. ಬದಲಾಯಿಸಿದ್ವಿ. ಆಮೇಲೆ ಬ್ಯಾಟರಿ ಹೋಗಿದೆ ಅಂದ್ರು. ಅದೂ ಆಯ್ತು. ಹದಿನಾಲ್ಕು ತಿಂಗಳಲ್ಲಿ ಎರಡನೇ ಬ್ಯಾಟರಿಯೂ ಊದ್ಕೊಂಡಾಗ ಅಪ್ಪ ನನ್ನ ಕಡೆ ತಿರುಗಿ, "ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ ಮಗ, ಇದೊಂದು ಏನು ಅಂತ ನೋಡು" ಅಂದ್ರು. ಎರಡನೇ ವರ್ಷದಲ್ಲಿ ಹೀಟ್ ಟ್ರಾನ್ಸ್‌ಫರ್ ಇನ್ನೂ ಪೂರ್ತಿ ಬಂದಿಲ್ಲ ಅಂತ ತಪ್ಪಿಸ್ಕೊಳ್ಳೋಕೆ ಆಗಲಿಲ್ಲ.

ನನ್ನ ವಾದ ಮೊದಲೇ ಹೇಳಿಬಿಡ್ತೀನಿ. ಫೋನ್ ಬಿಸಿಯಾದ್ರೆ ನಾವು ಬೈಯೋ ಕ್ರಮ ತಲೆಕೆಳಗಾಗಿದೆ. ಮೊದಲು ಚಾರ್ಜರ್, ಆಮೇಲೆ ಬ್ಯಾಟರಿ, ಆಮೇಲೆ ಕಂಪನಿ, ಕೊನೆಗೆ ಯಾರಾದ್ರೂ ನೆನಪು ಮಾಡಿದ್ರೆ ಬಿಸಿಲು. ಲೆಕ್ಕ ಹಾಕಿದ್ರೆ ಬಿಸಿಲು ಮೊದಲು ಬರುತ್ತೆ, ಅದೂ ದೊಡ್ಡ ಅಂತರದಲ್ಲಿ.

ಬ್ಯಾಟರಿಗೆ ಬೈಯೋ ಅಭ್ಯಾಸಕ್ಕೆ ಕಾರಣ ಇಲ್ಲ ಅಂತಲ್ಲ. 2007ರ ಆಗಸ್ಟಲ್ಲಿ ನೋಕಿಯಾ ಕಂಪನಿ ತನ್ನ ಬಿಎಲ್-5ಸಿ ಬ್ಯಾಟರಿ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿತ್ತು. ಮತ್ಸುಶಿತಾ ಅನ್ನೋ ಜಪಾನ್ ಕಂಪನಿ 2005ರ ಡಿಸೆಂಬರಿಂದ 2006ರ ನವೆಂಬರ್ ತನಕ ಮಾಡಿದ್ದ 4.6 ಕೋಟಿ ಬ್ಯಾಟರಿಗಳಲ್ಲಿ ಕೆಲವು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದು ಅನ್ನೋದು ಅದರ ಸಾರ. ಆಗ ನಮ್ಮ ದೇಶದ ತುಂಬಾ ಜನ ಫೋನ್ ಹಿಂದೆ ಬಿಚ್ಚಿ ಬ್ಯಾಟರಿ ನಂಬರ್ ನೋಡಿದ್ದೇ ನೋಡಿದ್ದು. ಅಪ್ಪ ಇವತ್ತಿಗೂ ಆ ಕಥೆ ಹೇಳ್ತಾರೆ. ಅಲ್ಲಿ ತಪ್ಪು ನಿಜವಾಗ್ಲೂ ಬ್ಯಾಟರಿ ತಯಾರಿಯಲ್ಲೇ ಇತ್ತು. ಆದ್ರೆ ಅಂಥ ದೋಷ ಇದ್ರೆ ಫೋನು ರಾತ್ರಿ ಮನೆಯಲ್ಲಿ ಚಾರ್ಜ್ ಹಾಕಿದಾಗ್ಲೂ ಬಿಸಿಯಾಗ್ಬೇಕು. ಅಪ್ಪನ ಫೋನ್ ರಾತ್ರಿ ಸುಮ್ನೆ ಚಾರ್ಜ್ ಆಗುತ್ತೆ, ಹಗಲು ಗಾಡಿಯಲ್ಲಿ ಮಾತ್ರ ಕೆಡುತ್ತೆ. ನನಗೆ ಅನುಮಾನ ಶುರುವಾಗಿದ್ದೇ ಅಲ್ಲಿ.

ಅನುಮಾನ ಸಾಕಾಗಲ್ಲ, ಅಳೀಬೇಕು. ಆಂಡ್ರಾಯ್ಡ್ ಫೋನಿನ ಬ್ಯಾಟರಿ ಪಕ್ಕದಲ್ಲೇ ಒಂದು ಸಣ್ಣ ಸೆನ್ಸರ್ ಇರುತ್ತೆ, ಅದು ಹೇಳೋ ಉಷ್ಣತೆ ನೋಡೋಕೆ ಯಾವ ಆಪೂ ಬೇಡ. ಫೋನಲ್ಲಿ ಡೆವಲಪರ್ ಆಯ್ಕೆಗೆ ಹೋಗಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಇದನ್ನ ಕೊಡಿ:

```
adb shell dumpsys battery
```

ಬರೋ ಸಾಲುಗಳಲ್ಲಿ ಇಂಥದ್ದೊಂದು ಇರುತ್ತೆ:

```
temperature: 463
```

ಇದು ಡಿಗ್ರಿಯ ಹತ್ತನೇ ಒಂದು ಭಾಗದ ಲೆಕ್ಕ. ಅಂದ್ರೆ 46.3 ಡಿಗ್ರಿ ಸೆಲ್ಸಿಯಸ್. ನಾನು ಕಾಲೇಜ್ ರಜೆ ಇದ್ದ ಒಂದು ದಿನ ಅಪ್ಪನ ಪಕ್ಕ ಕೂತು ಹೋಗಿ, ಚನ್ನರಾಯಪಟ್ಟಣದಲ್ಲಿ ಗಾಡಿ ನಿಂತ ತಕ್ಷಣ ಕೇಬಲ್ ಹಾಕಿದಾಗ ಬಂದ ಅಂಕಿ ಇದೇ. ಕೇಬಲ್ ಹಾಕಿದ್ರೆ ಲ್ಯಾಪ್‌ಟಾಪಿಂದ ಮತ್ತೆ ಚಾರ್ಜ್ ಶುರುವಾಗುತ್ತಲ್ಲ, ಲೆಕ್ಕ ತಪ್ಪಲ್ವಾ ಅಂತ ಕೇಳ್ಬಹುದು. ಫೋನಿಗೆ ಸುಮಾರು 200 ಗ್ರಾಂ ತೂಕ ಇರುತ್ತೆ, ಅದು ಹತ್ತು ಸೆಕೆಂಡಲ್ಲಿ ಹೆಚ್ಚೇನೂ ಬದಲಾಗಲ್ಲ. ಬೇಗ ನೋಡಿ ತೆಗೆದ್ರೆ ಆಯ್ತು.

ಈ 46 ಯಾಕೆ ಮುಖ್ಯ ಅಂದ್ರೆ, ಲಿಥಿಯಂ ಬ್ಯಾಟರಿಯನ್ನ 45 ಡಿಗ್ರಿ ಮೇಲೆ ಪೂರ್ತಿ ವೇಗದಲ್ಲಿ ಚಾರ್ಜ್ ಮಾಡೋದು ಒಳ್ಳೇದಲ್ಲ. ಹೆಚ್ಚಿನ ಫೋನುಗಳು ಆ ಆಸುಪಾಸಲ್ಲಿ ಚಾರ್ಜಿಂಗ್ ನಿಧಾನ ಮಾಡ್ತವೆ ಇಲ್ಲಾ ನಿಲ್ಲಿಸ್ತವೆ. ಹಾಗಾಗಿ ಅಪ್ಪನ ಫೋನ್ ಕೆಟ್ಟಿರಲಿಲ್ಲ, ತನ್ನನ್ನ ತಾನು ಉಳಿಸ್ಕೊಳ್ತಿತ್ತು. ಅದನ್ನ ನಾವು ರೋಗ ಅಂದ್ಕೊಂಡು ಎರಡು ಬ್ಯಾಟರಿಗೆ ದುಡ್ಡು ಕೊಟ್ವಿ.

ಈಗ ಬಿಸಿ ಎಲ್ಲಿಂದ ಬಂತು ಅನ್ನೋ ಲೆಕ್ಕ. ಇದಕ್ಕೆ ಕ್ಯಾಲ್ಕುಲಸ್ ಬೇಡ, ಮನೆ ಖರ್ಚಿನ ಲೆಕ್ಕದ ಥರ. ಒಳಗೆ ಎಷ್ಟು ವ್ಯಾಟ್ ಬರುತ್ತೆ, ಹೊರಗೆ ಎಷ್ಟು ಹೋಗುತ್ತೆ, ಅಷ್ಟೇ.

ಚಾರ್ಜಿಂಗಿಂದ ಶುರು ಮಾಡೋಣ. ಅಪ್ಪನ ಫೋನ್ 18 ವ್ಯಾಟ್ ತಗೊಳ್ಳುತ್ತೆ. ಈ 18ರಲ್ಲಿ ಬಹುಪಾಲು ಬ್ಯಾಟರಿ ಒಳಗೆ ಸೇರುತ್ತೆ, ಹೆಚ್ಚುಕಮ್ಮಿ ಹತ್ತನೇ ಒಂದು ಭಾಗ ಅಥವಾ ಸ್ವಲ್ಪ ಜಾಸ್ತಿ ಮಾತ್ರ ಫೋನಿನ ಒಳಗಿನ ಚಾರ್ಜಿಂಗ್ ಸರ್ಕ್ಯೂಟಲ್ಲೂ ಬ್ಯಾಟರಿಯ ಒಳ ರೆಸಿಸ್ಟೆನ್ಸಲ್ಲೂ ಬಿಸಿಯಾಗಿ ಹೋಗುತ್ತೆ. ಅಂದ್ರೆ 2 ವ್ಯಾಟ್ ಅಂತ ಇಟ್ಕೊಳ್ಳಿ.

ಎರಡನೇದು ಬಳಕೆ. ಗಾಡಿಯಲ್ಲಿ ಅಪ್ಪನ ಫೋನಿನ ಸ್ಕ್ರೀನ್ ಯಾವಾಗ್ಲೂ ಆನ್, ಬಿಸಿಲಿಗೆ ಕಾಣ್ಲಿ ಅಂತ ಬೆಳಕು ಪೂರ್ತಿ. ಹಿಂದೆ ಹಾಡು ಓಡ್ತಿರುತ್ತೆ, ವಾಟ್ಸಾಪಲ್ಲಿ ಗ್ರೂಪಿನ ವಿಡಿಯೋ ತಾನಾಗೇ ಡೌನ್‌ಲೋಡ್ ಆಗ್ತಿರುತ್ತೆ. ಊರು ದಾಟಿ ಸಿಗ್ನಲ್ ಕಮ್ಮಿ ಆದ ಕಡೆ ಫೋನು ಟವರಿಗೆ ಕೇಳಿಸ್ಲಿ ಅಂತ ಜೋರಾಗಿ ಕೂಗ್ಬೇಕಾಗುತ್ತೆ, ಅಂದ್ರೆ ಹೆಚ್ಚು ಪವರಲ್ಲಿ ಸಿಗ್ನಲ್ ಕಳಿಸುತ್ತೆ. ಇದೆಲ್ಲಾ ಸೇರಿ ಇನ್ನೊಂದು 2 ವ್ಯಾಟ್. ಹಾಟ್‌ಸ್ಪಾಟ್ ಆನ್ ಮಾಡಿ ಗೇಮ್ ಆಡೋ ನಮ್ಮ ಹಾಸ್ಟೆಲ್ ಹುಡುಗರಿಗೆ ಇದು ಇನ್ನೂ ಜಾಸ್ತಿ ಬರುತ್ತೆ, ಅವರ ಕಥೆ ಬೇರೆ.

ಮೂರನೇದು ಬಿಸಿಲು. ಫೋನಿನ ಅಳತೆ 16 ಸೆಂಟಿಮೀಟರ್ ಉದ್ದ, 7.5 ಸೆಂಟಿಮೀಟರ್ ಅಗಲ. ಅಂದ್ರೆ 0.012 ಚದರ ಮೀಟರ್. ಮೋಡ ಇಲ್ಲದ ದಿನ ನೇರವಾಗಿ ಬೀಳೋ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಗುಣಿಸಿ ನೋಡಿ, 12 ವ್ಯಾಟ್! ನಾನು ಮೊದಲ ಸಲ ಈ ಗುಣಾಕಾರ ಮಾಡಿದಾಗ ಪಾಯಿಂಟ್ ತಪ್ಪಾಗಿ ಹಾಕಿದೀನಿ ಅಂತ ಮತ್ತೆ ಮಾಡಿದೆ. ತಪ್ಪಿರಲಿಲ್ಲ. ಚಾರ್ಜರ್ ಹುಟ್ಟಿಸೋ ಬಿಸಿಗಿಂತ ಆರು ಪಟ್ಟು. ಗಾಡಿಯ ಮುಂದಿನ ಗ್ಲಾಸ್ ಕಾಲು ಭಾಗ ತಡೆಯುತ್ತೆ ಅಂತ ಬಿಡೋಣ, ಬಿಸಿಲು ಓರೆಯಾಗಿ ಬೀಳುತ್ತೆ ಅಂತ ಇನ್ನಷ್ಟು ಕಳೆಯೋಣ. ಆದ್ರೂ 5 ವ್ಯಾಟ್ ಉಳಿಯುತ್ತೆ. ಮಿಕ್ಕ ಎರಡನ್ನೂ ಸೇರಿಸಿದ್ರೂ ಇಷ್ಟಾಗಲ್ಲ.

ಅಪ್ಪನ ರೂಟಲ್ಲಿ ಇನ್ನೊಂದು ಎಡವಟ್ಟಿದೆ. ಅರಕಲಗೂಡು ನಮ್ಮೂರಿಗೆ ಪಶ್ಚಿಮಕ್ಕೆ, ಚನ್ನರಾಯಪಟ್ಟಣ ಈಶಾನ್ಯಕ್ಕೆ. ಬೆಳಗ್ಗೆ ಲೋಡ್ ತಗೊಂಡು ಹೋಗುವಾಗ ಸೂರ್ಯ ಎದುರಿಗೆ. ಮಧ್ಯಾಹ್ನದ ಮೇಲೆ ವಾಪಸ್ ಬರುವಾಗ ಸೂರ್ಯ ಪಶ್ಚಿಮಕ್ಕೆ ಬಂದಿರ್ತಾನೆ, ಆಗ್ಲೂ ಎದುರಿಗೇ. ಫೋನ್ ಸ್ಟ್ಯಾಂಡ್ ಇರೋದು ಮುಂದಿನ ಗ್ಲಾಸಿಗೆ ಅಂಟಿಸಿ. ಸ್ಕ್ರೀನ್ ಅಪ್ಪನ ಕಡೆ, ಬೆನ್ನು ಸೂರ್ಯನ ಕಡೆ. ಬೆನ್ನಿನ ಹಿಂದೇನೇ ಬ್ಯಾಟರಿ. ಅದರ ಮೇಲೆ ಕಪ್ಪು ರಬ್ಬರ್ ಕವರ್, ಬಿದ್ದ ಬಿಸಿಲನ್ನ ಹೆಚ್ಚುಕಮ್ಮಿ ಪೂರ್ತಿ ಕುಡಿಯೋ ಬಣ್ಣ. ಬೇಕು ಅಂತ ಪ್ಲಾನ್ ಮಾಡಿ ಬ್ಯಾಟರಿ ಬೇಯಿಸೋಕೆ ಹೋದ್ರೂ ಇದಕ್ಕಿಂತ ಚೆನ್ನಾಗಿ ಇಡೋಕಾಗಲ್ಲ. ಹಾಸನ ಬಡವರ ಊಟಿ, ನಮ್ಮ ಕಡೆ ಸೆಖೆ ಎಲ್ಲಿ ಅಂತ ಹೇಳೋವ್ರಿಗೆ ಒಂದು ಮಾತು: ತಂಪಿರೋದು ಗಾಳಿ, ಬಿಸಿಲಲ್ಲ. ಏಪ್ರಿಲ್ ಕೊನೇ ವಾರ ನಮ್ಮ ಜಿಲ್ಲೆಯಲ್ಲಿ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಇರ್ತಾನೆ, ನೆರಳು ಕಾಲಡಿ ಮಾಯ ಆಗುತ್ತೆ.

ಒಟ್ಟು ಒಳಗೆ ಬಂದಿದ್ದು 9 ವ್ಯಾಟ್ ಆಯ್ತು. ಹೊರಗೆ ಹೋಗೋದು ಗಾಳಿಯ ಮೂಲಕ. ಸುತ್ತಲಿನ ಗಾಳಿಗಿಂತ ಫೋನ್ ಒಂದು ಡಿಗ್ರಿ ಬಿಸಿ ಇದ್ರೆ ಎರಡೂ ಮುಖದಿಂದ ಸೇರಿ ಕಾಲು ವ್ಯಾಟ್‌ನಷ್ಟು ಹೊರಗೆ ಹೋಗುತ್ತೆ. ಇದು ಗಾಳಿ ಆಡದ ಜಾಗದ ಲೆಕ್ಕ. ಓಡೋ ಗಾಡಿಯಲ್ಲಿ ಕಿಟಕಿ ತೆಗೆದಿದ್ರೆ ಇದರ ಎರಡರಷ್ಟು, ಅರ್ಧ ವ್ಯಾಟ್ ಅನ್ನಿ. 9ನ್ನ ಅರ್ಧದಿಂದ ಭಾಗಿಸಿದ್ರೆ 18 ಡಿಗ್ರಿ. ಕ್ಯಾಬಿನ್ ಒಳಗೆ 32 ಇದ್ರೆ ಫೋನ್ 50ಕ್ಕೆ ಹೋಗ್ಬೇಕು. ದಾರಿಯಲ್ಲಿ 45 ಮುಟ್ಟಿದಾಗ್ಲೇ ಚಾರ್ಜಿಂಗ್ ನಿಂತು 2 ವ್ಯಾಟ್ ಕಮ್ಮಿ ಆಗುತ್ತೆ, ಉಳಿದ 7 ವ್ಯಾಟಿಗೆ 14 ಡಿಗ್ರಿ, 32 ಸೇರಿಸಿದ್ರೆ 46. ನಾನು ನೋಡಿದ್ದು 46.3. ಇಷ್ಟು ಹತ್ರ ಬಂದಿದ್ದು ಅದೃಷ್ಟ, ಯಾಕಂದ್ರೆ ನಾನು ಹಿಡಿದಿರೋದೆಲ್ಲಾ ಅಂದಾಜು. ಆದ್ರೆ ಚಾರ್ಜರ್ ಕಿತ್ತ ಮೇಲೂ ಫೋನ್ ಯಾಕೆ ತಣ್ಣಗಾಗ್ತಿರಲಿಲ್ಲ ಅನ್ನೋದಕ್ಕೆ ಉತ್ತರ ಇದರಲ್ಲಿದೆ. ಕಿತ್ತಿದ್ದು 2 ವ್ಯಾಟ್, ಬಿಟ್ಟಿದ್ದು 5.

ನಂಬದೇ ಇರೋರಿಗೆ ಮನೆಯಲ್ಲಿ ಇನ್ನೊಂದು ನೋಡಿದೆ. ಸಂಜೆ ರೂಮಲ್ಲಿ 27 ಡಿಗ್ರಿ ಇದ್ದಾಗ ಅಪ್ಪನ ಫೋನನ್ನ ಕವರ್ ಇಲ್ದೆ, ಸ್ಕ್ರೀನ್ ಆಫ್ ಮಾಡಿ 18 ವ್ಯಾಟ್ ಚಾರ್ಜರಿಗೆ ಹಾಕಿದ್ರೆ ಅರ್ಧ ಗಂಟೆಗೆ 36ರ ಹತ್ರ ಬಂತು. ಮಾರನೇ ದಿನ ಚಾರ್ಜರ್ ಇಲ್ದೆ, ಸ್ಕ್ರೀನ್ ಆಫ್, ಸುಮ್ನೆ ಕಿಟಕಿ ಪಕ್ಕ ಬಿಸಿಲಿಗೆ ಬೆನ್ನು ಮಾಡಿ ಇಟ್ಟೆ. ಹದಿನೈದು ನಿಮಿಷಕ್ಕೆ 43. ಹೆದರಿ ಎತ್ಕೊಂಡೆ. ಇದನ್ನ ನೀವು ಮಾಡ್ಬೇಡಿ.

ಕವರ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಯ್ತು. ಎಲ್ಲರೂ ಹೇಳ್ತಾರೆ ಅಂತ ನಾನೂ ಕವರೇ ದೊಡ್ಡ ಅಪರಾಧಿ ಅಂದ್ಕೊಂಡಿದ್ದೆ. ಫೋನಿಗೆ ಸರಿಯಾಗಿ ಅಂಟಿರೋ ಎರಡು ಮಿಲಿಮೀಟರ್ ರಬ್ಬರ್ ಕವರ್ ಬಿಸಿಗೆ ಒಡ್ಡೋ ತಡೆ, ಫೋನಿನ ಸುತ್ತ ನಿಂತಿರೋ ಗಾಳಿಯ ಪದರ ಒಡ್ಡೋ ತಡೆಯ ಹತ್ತನೇ ಒಂದು ಭಾಗದಷ್ಟು ಮಾತ್ರ. ಒಂದೆರಡು ಡಿಗ್ರಿ ವ್ಯತ್ಯಾಸ ಬರಬಹುದು. ನಿಜವಾದ ತೊಂದರೆ ಕವರಿಗೂ ಫೋನಿಗೂ ನಡುವೆ ಸಡಿಲ ಜಾಗ ಇದ್ದಾಗ. ಒಂದು ಮಿಲಿಮೀಟರ್ ಗಾಳಿ ಎರಡು ಮಿಲಿಮೀಟರ್ ರಬ್ಬರಿಗಿಂತ ನಾಲ್ಕು ಪಟ್ಟು ಹೆಚ್ಚು ತಡೆಯುತ್ತೆ. ಪರ್ಸ್ ಥರ ಮಡಿಸೋ ಕವರ್, ಅದರೊಳಗೆ ಆಧಾರ್ ಕಾರ್ಡು, ಮಡಿಚಿದ ನೂರರ ನೋಟು, ದೇವರ ಫೋಟೋ ಇಟ್ಟಿದ್ರೆ ಅದು ಕವರಲ್ಲ, ಸ್ವೆಟರ್. ಚಾರ್ಜ್ ಮಾಡುವಾಗ ಅಂಥದ್ದನ್ನ ತೆಗೀಲೇಬೇಕು. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡೋದಂತೂ ಸ್ವೆಟರ್ ಮೇಲೆ ರಗ್ಗು ಹೊದಿಸಿದ ಹಾಗೆ.

ಹಾಗಾದ್ರೆ ಚಾರ್ಜರ್ ತಪ್ಪೇ ಇಲ್ವಾ? ಇದೆ, ಆದ್ರೆ ಜನ ಹೇಳೋ ರೀತಿಯದ್ದಲ್ಲ. "ಲೋಕಲ್ ಚಾರ್ಜರ್ ಜಾಸ್ತಿ ಕರೆಂಟ್ ನುಗ್ಗಿಸಿ ಫೋನ್ ಸುಡುತ್ತೆ" ಅಂತಾರೆ. ಎಷ್ಟು ಕರೆಂಟ್ ತಗೊಳ್ಬೇಕು ಅಂತ ತೀರ್ಮಾನ ಮಾಡೋದು ಫೋನಿನ ಒಳಗಿನ ಸರ್ಕ್ಯೂಟ್, ಚಾರ್ಜರ್ ಅಲ್ಲ. ಚಾರ್ಜರ್ 5 ವೋಲ್ಟಿಂದ 9 ವೋಲ್ಟಿಗೆ ಹೋಗೋದೂ ಫೋನ್ ಕೇಳಿದ ಮೇಲೇನೇ. ಕಳಪೆ ಚಾರ್ಜರ್ ಸಾಮಾನ್ಯವಾಗಿ ಮಾಡೋದು ಉಲ್ಟಾ. ಲೋಡ್ ಬಿದ್ದಾಗ ಅದರ ವೋಲ್ಟೇಜ್ ಕುಸಿಯುತ್ತೆ, ಫೋನ್ ಕಮ್ಮಿ ತಗೊಳ್ಳುತ್ತೆ, ಒಂದೂವರೆ ಗಂಟೆ ಕೆಲಸ ನಾಲ್ಕು ಗಂಟೆ ಹಿಡಿಯುತ್ತೆ. ಗಾಡಿಯಲ್ಲಿ ಅಂದ್ರೆ ಬಿಸಿಲಲ್ಲಿ ಚಾರ್ಜ್ ಆಗೋ ಹೊತ್ತು ಅಷ್ಟೂ ಉದ್ದ ಆಯ್ತು. ಇನ್ನೊಂದು, ಪಿನ್ ಸಡಿಲ ಆಗಿದ್ರೆ ಅಥವಾ ಪೋರ್ಟಲ್ಲಿ ಧೂಳು ಕೂತಿದ್ರೆ ಆ ಸಣ್ಣ ಜಾಗದಲ್ಲೇ ಬಿಸಿ ಹುಟ್ಟುತ್ತೆ. ಗೋಡೆಗೆ ಹಾಕೋ ಕಳಪೆ ಚಾರ್ಜರಿನ ದೊಡ್ಡ ಅಪಾಯ ಬಿಸಿಗಿಂತ ಶಾಕ್: 230 ವೋಲ್ಟ್ ಬರೋ ಭಾಗಕ್ಕೂ 5 ವೋಲ್ಟ್ ಹೋಗೋ ಭಾಗಕ್ಕೂ ನಡುವೆ ಸರಿಯಾದ ಅಂತರ, ಇನ್ಸುಲೇಷನ್ ಇರಲ್ಲ. ಕೊಳ್ಳುವಾಗ ಚಾರ್ಜರ್ ಮೇಲೆ ಬಿಐಎಸ್ ಗುರುತು ಮತ್ತು R- ಅಂತ ಶುರುವಾಗೋ ನೋಂದಣಿ ಸಂಖ್ಯೆ ಇದೆಯಾ ನೋಡಿ. ಆ ಸಂಖ್ಯೆಯನ್ನ BIS Care ಆಪಲ್ಲಿ ಹಾಕಿದ್ರೆ ಯಾವ ಕಂಪನಿಗೆ ಕೊಟ್ಟಿದ್ದು ಅಂತ ತೋರಿಸುತ್ತೆ. ಚಾರ್ಜರ್ ಮೇಲಿರೋ ಹೆಸರೂ ಅಲ್ಲಿ ಬರೋ ಹೆಸರೂ ಬೇರೆ ಆದ್ರೆ ವಾಪಸ್ ಇಟ್ಟು ಬನ್ನಿ.

ಯಾವುದರಿಂದ ಬಿಸಿ ಅಂತ ಕೈಯಲ್ಲೇ ತಿಳ್ಕೊಳ್ಳೋಕೆ ಒಂದು ಉಪಾಯ ಇದೆ. ಫೋನಿನ ಯಾವ ಜಾಗ ಹೆಚ್ಚು ಬಿಸಿ ಅಂತ ಮುಟ್ಟಿ ನೋಡಿ. ಹೆಚ್ಚಿನ ಫೋನುಗಳಲ್ಲಿ ಮೇಲೆ ಕ್ಯಾಮೆರಾ ಹತ್ರ ಪ್ರೊಸೆಸರ್ ಇರುತ್ತೆ, ನಡುವೆ ಬ್ಯಾಟರಿ, ಕೆಳಗೆ ಚಾರ್ಜಿಂಗ್ ಪೋರ್ಟ್. ಕೆಳಗಿನ ತುದಿ ಮಾತ್ರ ಸುಡ್ತಿದ್ರೆ ಕೇಬಲ್, ಪಿನ್ ಅಥವಾ ಧೂಳು. ಕ್ಯಾಮೆರಾ ಸುತ್ತ ಬಿಸಿ ಇದ್ರೆ ಫ್ಲೈಟ್ ಮೋಡ್ ಹಾಕಿ ಹತ್ತು ನಿಮಿಷ ನೋಡಿ, ಇಳಿದ್ರೆ ಒಳಗೆ ಏನೋ ಓಡ್ತಿತ್ತು ಅಂತ. ಒಂದೇ ಮುಖ ಪೂರ್ತಿ ಸಮಾನವಾಗಿ ಬಿಸಿ ಇದ್ರೆ ಅದು ಹೊರಗಿಂದ ಬಂದಿದ್ದು, ಬಿಸಿಲು. ನೆರಳಲ್ಲಿ, ಏನೂ ಓಡದೇ ಇದ್ದಾಗ್ಲೂ, ಒಳ್ಳೆ ಚಾರ್ಜರ್ ಹಾಕಿದ್ರೂ ನಡುಭಾಗ ಸುಟ್ರೆ ಆಗ ಮಾತ್ರ ಬ್ಯಾಟರಿ ಮೇಲೆ ಅನುಮಾನ ಪಡಿ. ಹಿಂಬದಿ ಎದ್ದಿದ್ರೆ, ಸ್ಕ್ರೀನ್ ಅಂಚು ಬಿಟ್ಕೊಂಡಿದ್ರೆ ಬ್ಯಾಟರಿ ಊದಿದೆ ಅಂತಾನೇ ಅರ್ಥ. ಅದನ್ನ ಚಾರ್ಜ್ ಮಾಡ್ಬೇಡಿ, ಒತ್ತಬೇಡಿ, ಚುಚ್ಚಬೇಡಿ. ಹಾಗೇ ಬಿಸಿ ಫೋನನ್ನ ಫ್ರಿಜ್ಜಲ್ಲಿಡೋರು ನಮ್ಮ ಕ್ಲಾಸಲ್ಲೇ ಇದ್ದಾರೆ. ಹೊರಗೆ ತೆಗೆದಾಗ ಒಳಗೆ ನೀರು ಕಟ್ಟುತ್ತೆ, ತಣ್ಣೀರಿನ ಲೋಟದ ಮೇಲೆ ಕಟ್ಟೋ ಹಾಗೆ. ನೆರಳು, ಫ್ಯಾನ್ ಸಾಕು.

ಅಪ್ಪನ ಎರಡು ಬ್ಯಾಟರಿ ಸತ್ತಿದ್ದು ಒಂದು ದಿನದ ಬಿಸಿಗಲ್ಲ. ಬ್ಯಾಟರಿ ಒಳಗೆ ನಡೆಯಬಾರದ ರಾಸಾಯನಿಕ ಕ್ರಿಯೆಗಳು ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಮ್ಮಿ ಎರಡರಷ್ಟು ಜೋರಾಗ್ತವೆ, ಚಾರ್ಜ್ ನೂರಕ್ಕೆ ನೂರು ಇದ್ರೆ ಇನ್ನೂ ಜೋರು. ಅದರಿಂದ ಹುಟ್ಟೋ ಗ್ಯಾಸೇ ಊತ. ಬೆಳಗ್ಗೆ ಮನೆಯಲ್ಲಿ ಪೂರ್ತಿ ತುಂಬಿಸಿ, ಬಿಸಿಲಲ್ಲಿ ತುಂಬಿದ್ದಕ್ಕೇ ಮತ್ತೆ ತುಂಬಿಸ್ತಾ ಹೋಗಿದ್ದು ಅದಕ್ಕೆ ಒಳ್ಳೇ ದಾರಿ ಮಾಡಿಕೊಟ್ಟಿತ್ತು.

ಇಲ್ಲಿ ಕಂಪನಿಗಳ ಮೇಲೂ ನನಗೆ ಕೋಪ ಇದೆ. ಆಪಲ್ ತನ್ನ ಐಫೋನನ್ನ ಸುತ್ತಲಿನ ಉಷ್ಣತೆ 0ರಿಂದ 35 ಡಿಗ್ರಿ ಇರೋ ಕಡೆ ಬಳಸಿ ಅನ್ನುತ್ತೆ. ಅಪ್ಪನ ಫೋನಿನ ಡಬ್ಬದಲ್ಲಿದ್ದ ಪುಸ್ತಕದಲ್ಲೂ ಅಂಥದ್ದೇ ಒಂದು ಸಾಲಿತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಲ್ಲಿ. ನಿಂತ ಗಾಡಿಯ ಕ್ಯಾಬಿನ್ ಏಪ್ರಿಲಲ್ಲಿ 35 ದಾಟದೇ ಇರೋ ಮಧ್ಯಾಹ್ನ ನಮ್ಮ ಕಡೆಯೂ ಅಪರೂಪ. ಗಾಡಿ ಓಡಿಸೋರು, ಡೆಲಿವರಿ ಹುಡುಗರು ಇದೇ ಫೋನನ್ನ ಕೊಳ್ತಾರೆ ಅಂತ ಮಾರೋರಿಗೆ ಗೊತ್ತು. ಜಾಹೀರಾತು ಕನ್ನಡದಲ್ಲಿ ಬರುತ್ತೆ, ಈ ಒಂದು ಸಾಲು ಬರಲ್ಲ. ಬಂದಿದ್ರೆ ಅಪ್ಪ ಓದ್ತಿದ್ರು, ಅವರು ಪೇಪರನ್ನ ಮೊದಲ ಪುಟದಿಂದ ಕೊನೇ ತನಕ ಓದೋ ಮನುಷ್ಯ.

ಪರಿಹಾರ ಅಂತ ನಾನು ಮೊದಲು ಫೋನನ್ನ ಡ್ಯಾಶ್‌ಬೋರ್ಡಿನ ಕೆಳಗೆ ನೆರಳಿಗೆ ಇಳಿಸಿದೆ. ಅವತ್ತು ಚನ್ನರಾಯಪಟ್ಟಣದಲ್ಲಿ 38.4, ಚಾರ್ಜಿಂಗ್ ಎಲ್ಲೂ ನಿಲ್ಲಲಿಲ್ಲ. ನನಗೆ ಖುಷಿ. ಮೂರನೇ ದಿನಕ್ಕೆ ಅಪ್ಪ ಫೋನನ್ನ ಮತ್ತೆ ಮೇಲೆ ಹಾಕಿದ್ರು. "ಕೆಳಗಿದ್ರೆ ಯಾರು ಕಾಲ್ ಮಾಡಿದ್ದು ಅಂತ ಕಾಣಲ್ಲ ಕಣಪ್ಪ. ಬಗ್ಗಿ ನೋಡ್ತಾ ಓಡಿಸ್ಲಾ?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಫೋನ್ ತಣ್ಣಗಿರೋದಕ್ಕಿಂತ ಕಣ್ಣು ರಸ್ತೆ ಮೇಲಿರೋದು ಮುಖ್ಯ ಅಂತ ಅವರು ಹೇಳಿದ್ದು ಸರಿ.

ಕೊನೆಗೆ ಕೆಲಸ ಮಾಡಿದ್ದು ಒಂದು ಹಳೇ ಮದುವೆ ಕಾರ್ಡ್. ಚಿಕ್ಕಪ್ಪನ ಮಗಳ ಮದುವೆದು, ದಪ್ಪ ರಟ್ಟು, ಹಿಂಬದಿ ಬಿಳಿ. ಅದನ್ನ ಫೋನಿನಷ್ಟೇ ಅಳತೆಗೆ ಕತ್ತರಿಸಿ, ಬಿಳಿ ಮುಖ ಬಿಸಿಲ ಕಡೆ ಮಾಡಿ, ಫೋನಿಗೂ ಗ್ಲಾಸಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟು ಸ್ಟ್ಯಾಂಡಿಗೆ ಕಟ್ಟಿದ್ವಿ, ಗಾಳಿ ಓಡಾಡ್ಲಿ ಅಂತ. ರಸ್ತೆ ಕಾಣೋದಕ್ಕೆ ಮೊದಲಿಗಿಂತ ಹೆಚ್ಚಿನ ಅಡ್ಡಿ ಏನಿಲ್ಲ, ಫೋನ್ ಮರೆಮಾಡ್ತಿದ್ದ ಜಾಗವನ್ನೇ ಅದೂ ಮರೆಮಾಡುತ್ತೆ. ಕಪ್ಪು ಕವರ್ ಹೋಗಿ ತಿಳಿ ಬಣ್ಣದ್ದು ಬಂತು. ವಾಟ್ಸಾಪಲ್ಲಿ ತಾನಾಗೇ ಡೌನ್‌ಲೋಡ್ ಆಗೋದನ್ನ ನಿಲ್ಲಿಸಿದೆ. ಚಾರ್ಜರ್ ಅದೇ, ಬ್ಯಾಟರಿ ಮೂರನೇದು. ಹೋದ ವಾರ ಚನ್ನರಾಯಪಟ್ಟಣದಲ್ಲಿ ನೋಡಿದಾಗ 40.8 ಇತ್ತು. ಸ್ಟ್ಯಾಂಡಿನಲ್ಲಿ ಅಪ್ಪನ ಜೊತೆ ಗಾಡಿ ನಿಲ್ಲಿಸೋ ಇನ್ನಿಬ್ಬರು ಈಗ ಮನೆಯಲ್ಲಿ ದಪ್ಪ ರಟ್ಟಿನ ಕಾರ್ಡ್ ಹುಡುಕ್ತಿದ್ದಾರಂತೆ.